ಕಂಪನಿ ಮನೆ, ಕಂಪನಿ ಕಾರು ಅಥವಾ ಕೈಗೆ ಪೂರ್ತಿ ಸಂಬಳ: ಮಂಗಳೂರಿನಲ್ಲಿ ಕೆಲಸ ಮಾಡುವವರಿಗೆ ಯಾವುದು ಲಾಭ?

2025ರ ಏಪ್ರಿಲ್‌ನಲ್ಲಿ ನನ್ನ ತಂಗಿಯ ಮಗ ಫೋನ್ ಮಾಡಿದ. ಬೈಕಂಪಾಡಿಯ ಒಂದು ಕಂಪನಿಯಲ್ಲಿ ಸೇಲ್ಸ್ ಮ್ಯಾನೇಜರ್ ಕೆಲಸ ಸಿಕ್ಕಿತ್ತು. ಸಂಬಳ ತಿಂಗಳಿಗೆ ಒಂದೂವರೆ ಲಕ್ಷ. "ಮಾಮ, ಎಚ್‌ಆರ್‌ನವರು ಒಂದು ಫಾರ್ಮ್ ಕೊಟ್ಟಿದ್ದಾರೆ. ಮನೆಯನ್ನು ಕಂಪನಿಯೇ ಬಾಡಿಗೆಗೆ ಹಿಡಿದು ಕೊಡಬೇಕಾ, ಇಲ್ಲ ಎಚ್‌ಆರ್‌ಎ ಬೇಕಾ ಅಂತ ಕೇಳಿದ್ದಾರೆ. ಕಾರಿಗೂ ಹಾಗೆಯೇ. ಏನು ಬರೆಯಲಿ?" ಅಂತ ಕೇಳಿದ. ಮಂಗಳೂರಿನ ಕಂಪನಿಗಳಲ್ಲಿ ಸಂಬಳದ ಲೆಕ್ಕ ನೋಡಿಕೊಂಡು ನನಗೆ ಬಹಳ ವರ್ಷ ಆಯಿತು. ಆದರೂ ಫೋನಿನಲ್ಲೇ ಉತ್ತರ ಹೇಳಲಿಲ್ಲ. ಭಾನುವಾರ ಮನೆಗೆ ಬಾ, ಕೂತು ಲೆಕ್ಕ ಹಾಕೋಣ ಅಂದೆ. ಆ ದಿನ ಹಾಕಿದ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇಟ್ಟುಕೊಂಡು ಕೂತವರು ಇಲ್ಲಿ ತುಂಬಾ ಜನ ಇದ್ದಾರೆ.

ಮೊದಲೇ ಒಂದು ಮಾತು. ಇಲ್ಲಿರುವ ಅಂಕಿಗಳೆಲ್ಲ 2025-26ರ ವರ್ಷದವು, ಅಂದರೆ 2026ರ ಮಾರ್ಚ್ 31ಕ್ಕೆ ಮುಗಿಯುವ ವರ್ಷ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆಯದ್ದೇ ಲೆಕ್ಕ. ಆಮೇಲಿನ ಸಂಬಳಕ್ಕೆ ಲೆಕ್ಕದ ದಾರಿ ಹೀಗೇ ಹಿಡಿಯಿರಿ, ಆದರೆ ಮೊತ್ತಗಳನ್ನು ಹೊಸ ನಿಯಮದಲ್ಲಿ ನೋಡಿಯೇ ಹಾಕಿ.

ಎಲ್ಲವನ್ನೂ ಕೈಗೆ ತೆಗೆದುಕೊಂಡರೆ

ಹುಡುಗನ ಸಂಬಳ ಹೀಗಿತ್ತು: ಬೇಸಿಕ್ 70,000, ಎಚ್‌ಆರ್‌ಎ 28,000, ಉಳಿದ 52,000 ಸ್ಪೆಷಲ್ ಅಲೋವೆನ್ಸ್. ವರ್ಷಕ್ಕೆ 18 ಲಕ್ಷ. ಬಿಜೈಯಲ್ಲಿ ನೋಡಿದ್ದ ಫ್ಲ್ಯಾಟಿಗೆ ಬಾಡಿಗೆ 25,000, ಅಂದರೆ ವರ್ಷಕ್ಕೆ 3 ಲಕ್ಷ.

ಎಚ್‌ಆರ್‌ಎ ತೆಗೆದುಕೊಂಡು ಬಾಡಿಗೆ ರಸೀದಿ ಕೊಟ್ಟರೆ ತೆರಿಗೆ ಉಳಿಯುತ್ತದೆ ಅಂತ ಈಗಲೂ ಎಲ್ಲರ ತಲೆಯಲ್ಲಿದೆ. ಆದಾಯ ತೆರಿಗೆ ಲೆಕ್ಕಕ್ಕೆ ಹಳೆಯದು, ಹೊಸದು ಅಂತ ಎರಡು ಪದ್ಧತಿ ಇವೆ, ಅದು ಹಳೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ಎಚ್‌ಆರ್‌ಎಗೆ ವಿನಾಯಿತಿ ಇಲ್ಲ, ಬಂದ ದುಡ್ಡೆಲ್ಲ ಸಂಬಳವೇ. ನಾವು ಬೇರೆ ಬೇಕು ಅಂತ ಹೇಳದಿದ್ದರೆ ಕಂಪನಿ ಹಿಡಿಯುವುದೂ ಹೊಸ ಪದ್ಧತಿಯನ್ನೇ. ಹಾಗಾದರೆ ಹಳೆಯದಕ್ಕೇ ಹೋಗಬಹುದಲ್ಲ ಅಂತ ಅವನೂ ಕೇಳಿದ. ಹಾಕಿ ನೋಡಿದೆವು. ಎಚ್‌ಆರ್‌ಎ ವಿನಾಯಿತಿ 2,16,000 ಬರುತ್ತದೆ, ಅಂದರೆ ಬಾಡಿಗೆಯಲ್ಲಿ ಬೇಸಿಕ್‌ನ ಶೇಕಡಾ 10 ಕಳೆದಷ್ಟು. ಅದರ ಮೇಲೆ 80ಸಿಯ ಒಂದೂವರೆ ಲಕ್ಷ ಪೂರ್ತಿ ತೋರಿಸಿದರೂ ತೆರಿಗೆ 2,36,000 ದಾಟುತ್ತದೆ. ಹೊಸದರಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 17,25,000ಕ್ಕೆ ತೆರಿಗೆ ಹಾಕಿದರೆ ಸೆಸ್ ಸೇರಿ 1,50,800. ಗೃಹಸಾಲದ ಬಡ್ಡಿಯಂಥ ದೊಡ್ಡ ಕಡಿತ ಇಲ್ಲದವನಿಗೆ ಹಳೆ ಪದ್ಧತಿ ಬೇಡವೇ ಬೇಡ.

ಬಾಡಿಗೆ ಕೊಟ್ಟು, ತೆರಿಗೆ ಕಟ್ಟಿ ಕೈಯಲ್ಲಿ ಉಳಿಯುವುದು 13,49,200. ಪಿಎಫ್ ಎಲ್ಲದರಲ್ಲೂ ಒಂದೇ, ಹಾಗಾಗಿ ಅದನ್ನು ಬಿಟ್ಟಿದ್ದೇನೆ. ಈ ಮೊತ್ತ ನೆನಪಿರಲಿ, ಮನೆಯ ಲೆಕ್ಕವನ್ನೆಲ್ಲ ಇದರ ಜೊತೆಯೇ ಹೋಲಿಸಬೇಕು.

ಕಂಪನಿಯೇ ಬಾಡಿಗೆಗೆ ಹಿಡಿದು ಕೊಡುವ ಮನೆ

ಎಚ್‌ಆರ್‌ಎಗೆ ವಿನಾಯಿತಿ ಹೋದರೂ ಕಂಪನಿ ಕೊಡುವ ಮನೆಗೆ ಬೆಲೆ ಕಟ್ಟುವ ರಿಯಾಯಿತಿ ನಿಯಮ ಹೊಸ ಪದ್ಧತಿಯಲ್ಲೂ ಉಳಿದುಕೊಂಡಿದೆ. ಇದು ತುಂಬಾ ಜನರಿಗೆ ಗೊತ್ತಿಲ್ಲ. ಮನೆ ಮಾಲೀಕರ ಜೊತೆ ಒಪ್ಪಂದ ಕಂಪನಿಯ ಹೆಸರಲ್ಲಿ ಆಗಬೇಕು, ಬಾಡಿಗೆಯನ್ನು ಕಂಪನಿಯೇ ಕಟ್ಟಬೇಕು. ಆಗ ಮನೆಯ ಬೆಲೆ ಅಂತ ತೆರಿಗೆ ಲೆಕ್ಕದಲ್ಲಿ ನಿಮ್ಮ ಸಂಬಳಕ್ಕೆ ಸೇರುವುದು ಕಂಪನಿ ಕಟ್ಟಿದ ಬಾಡಿಗೆ ಅಥವಾ ನಿಮ್ಮ ಸಂಬಳದ ಶೇಕಡಾ 10, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಇಲ್ಲಿ ಊರು ಲೆಕ್ಕಕ್ಕಿಲ್ಲ. ಬೆಂಗಳೂರಾದರೂ 10, ಉಡುಪಿಯಾದರೂ 10.

ಆದರೆ ಇಲ್ಲಿ 'ಸಂಬಳ' ಅಂದರೆ ಬೇಸಿಕ್ ಅಷ್ಟೇ ಅಲ್ಲ. ಬೇಸಿಕ್, ನಿವೃತ್ತಿ ಸೌಲಭ್ಯಕ್ಕೆ ಲೆಕ್ಕ ಹಿಡಿಯುವ ಡಿಎ, ಬೋನಸ್, ಕಮಿಷನ್, ತೆರಿಗೆ ಬೀಳುವ ಅಲೋವೆನ್ಸ್‌ಗಳು, ಹೀಗೆ ದುಡ್ಡಾಗಿ ಬರುವುದೆಲ್ಲ ಸೇರುತ್ತದೆ. ಕಂಪನಿ ಕಟ್ಟುವ ಪಿಎಫ್ ಪಾಲು, ತೆರಿಗೆ ಇಲ್ಲದ ಅಲೋವೆನ್ಸ್ ಮತ್ತು ಕಾರು ಮುಂತಾದ ಸೌಲಭ್ಯಗಳ ಬೆಲೆ ಸೇರುವುದಿಲ್ಲ. ಬೇಸಿಕ್ ಮೇಲೆ ಮಾತ್ರ ಶೇಕಡಾ 10 ಹಾಕಿ ಲಾಭ ಜಾಸ್ತಿ ತೋರಿಸಿದ ಲೆಕ್ಕಗಳನ್ನು ನಾನು ನೋಡಿದ್ದೇನೆ. ಅಂಥ ಲೆಕ್ಕ ನಂಬಿದರೆ ಮುಂದೆ ತೆರಿಗೆ ಬಾಕಿ ಅಂತ ನೋಟಿಸ್ ಬರಬಹುದು.

ನಮ್ಮ ಹುಡುಗನದ್ದನ್ನೇ ನೋಡಿ. ಬಾಡಿಗೆಯ 3 ಲಕ್ಷ ಕಂಪನಿ ಕಟ್ಟಿದರೆ ಕೈಗೆ ಬರುವ ಸಂಬಳ 15 ಲಕ್ಷ. ಅದರ ಶೇಕಡಾ 10 ಅಂದರೆ 1,50,000. ಬಾಡಿಗೆ 3 ಲಕ್ಷ. ಕಡಿಮೆ ಇರುವುದು 1,50,000, ಅಷ್ಟೇ ಸಂಬಳಕ್ಕೆ ಸೇರುತ್ತದೆ. ಒಟ್ಟು 16,50,000ದಲ್ಲಿ 75,000 ಕಳೆದರೆ 15,75,000. ತೆರಿಗೆ 1,20,900. ಕೈಯಲ್ಲಿ ಉಳಿಯುವುದು 13,79,100. ಮನೆಯೂ ಅದೇ, ಬಾಡಿಗೆಯೂ ಅದೇ, ಒಪ್ಪಂದದಲ್ಲಿ ಹೆಸರು ಮಾತ್ರ ಬದಲು. ವರ್ಷಕ್ಕೆ 29,900 ಉಳಿಯಿತು.

ಅವನು ಆಗಲೇ ಪೆನ್ನು ತೆಗೆದಿದ್ದ. ತಡಿ ಅಂದೆ.

ಕಂಪನಿ ಜಿಎಸ್‌ಟಿ ನೋಂದಣಿ ಮಾಡಿಕೊಂಡಿದ್ದರೆ, ಅದು ವಾಸದ ಮನೆಯನ್ನು ಬಾಡಿಗೆಗೆ ಹಿಡಿದಾಗ ಬಾಡಿಗೆಯ ಮೇಲೆ ಶೇಕಡಾ 18 ಜಿಎಸ್‌ಟಿಯನ್ನು ಕಂಪನಿಯೇ ಸರ್ಕಾರಕ್ಕೆ ಕಟ್ಟಬೇಕು. ಮನೆ ಮಾಲೀಕರಿಗೆ ಜಿಎಸ್‌ಟಿ ನಂಬರ್ ಇಲ್ಲದಿದ್ದರೂ ಕಟ್ಟಬೇಕು. 2022ರ ಜುಲೈ 18ರಿಂದ ಈ ನಿಯಮ ಇದೆ. ನೀವು ನಿಮ್ಮ ಹೆಸರಲ್ಲಿ ಅದೇ ಮನೆ ಹಿಡಿದರೆ ಈ ತೆರಿಗೆ ಇಲ್ಲ. ಕಟ್ಟಿದ ದುಡ್ಡನ್ನು ಕಂಪನಿ ತನ್ನ ಜಿಎಸ್‌ಟಿಯಲ್ಲಿ ಹಿಂದಕ್ಕೆ ಹೊಂದಿಸಿಕೊಳ್ಳಬಹುದೇ ಅನ್ನುವ ಬಗ್ಗೆ ಲೆಕ್ಕಿಗರಲ್ಲೇ ಎರಡು ಅಭಿಪ್ರಾಯ ಇದೆ. ಕೆಲವು ಕಂಪನಿಗಳು ಹೊಂದಿಸಿಕೊಳ್ಳುತ್ತವೆ. ಕೆಲವು ಭಯಪಟ್ಟು ಬಿಡುತ್ತವೆ, ಬಿಟ್ಟದ್ದನ್ನು ನೌಕರನ ಪ್ಯಾಕೇಜಿಗೆ ಸೇರಿಸುತ್ತವೆ.

ಸೇರಿಸಿದರೆ ಏನಾಗುತ್ತದೆ? ತಿಂಗಳಿಗೆ 4,500, ವರ್ಷಕ್ಕೆ 54,000. ಕೈಗೆ ಬರುವ ಸಂಬಳ 14,46,000ಕ್ಕೆ ಇಳಿಯುತ್ತದೆ. ಮನೆಯ ಬೆಲೆ 1,44,600 ಆಗುತ್ತದೆ, ತೆರಿಗೆಯೂ ಸ್ವಲ್ಪ ಇಳಿದು ಸುಮಾರು 1,11,600 ಆಗುತ್ತದೆ. ಕೊನೆಗೆ ಕೈಯಲ್ಲಿ ಉಳಿಯುವುದು ಸುಮಾರು 13,34,400. ಎಲ್ಲವನ್ನೂ ಕೈಗೆ ತೆಗೆದುಕೊಂಡು ತಾನೇ ಬಾಡಿಗೆ ಕಟ್ಟಿದ್ದರೆ ಇದಕ್ಕಿಂತ 15,000ದಷ್ಟು ಜಾಸ್ತಿ ಉಳಿಯುತ್ತಿತ್ತು. ಒಂದೇ ಒಂದು ಪ್ರಶ್ನೆ ಕೇಳದೆ ಸಹಿ ಹಾಕಿದ್ದರೆ 30,000 ಲಾಭ ಅಂದುಕೊಂಡು 15,000 ನಷ್ಟ ಮಾಡಿಕೊಳ್ಳುತ್ತಿದ್ದ. ಹಾಗಾಗಿ ಎಚ್‌ಆರ್‌ಗೆ ಇಮೇಲ್ ಹಾಕು, 'ಬಾಡಿಗೆಯ ಮೇಲಿನ ಜಿಎಸ್‌ಟಿ ನನ್ನ ಸಿಟಿಸಿಯಲ್ಲಿ ಬರುತ್ತದೆಯೇ' ಅಂತ ಕೇಳು ಅಂದೆ. ಬಾಯಿಮಾತಿನ ಉತ್ತರ ಸಾಲದು.

ಕಂಪನಿ ಬಾಡಿಗೆ ಮನೆಯಲ್ಲಿ ಇನ್ನೊಂದು ಅನುಕೂಲವೂ ಇದೆ, ಅಡ್ವಾನ್ಸ್ ಕೊಡುವುದು ಕಂಪನಿ. ಆದರೆ ಮೆಸ್ಕಾಂ ಬಿಲ್ಲನ್ನೂ ಕಂಪನಿ ಕಟ್ಟಿದರೆ ಆ ದುಡ್ಡು ಪೂರ್ತಿಯಾಗಿ ನಿಮ್ಮ ಸಂಬಳಕ್ಕೆ ಸೇರುತ್ತದೆ. ಅದಕ್ಕೆ ಶೇಕಡಾ 10ರ ರಿಯಾಯಿತಿ ಇಲ್ಲ. ಕಂಪನಿ ತನ್ನದೇ ಫ್ರಿಜ್, ಎಸಿ, ಮಂಚ, ಸೋಫಾ ಹಾಕಿಕೊಟ್ಟರೆ ಅವುಗಳ ಬೆಲೆಯ ಶೇಕಡಾ 10 ಪ್ರತಿ ವರ್ಷ ಸೇರುತ್ತದೆ. ಎರಡು ಲಕ್ಷದ ಸಾಮಾನಿಗೆ 20,000. ಇದು ಒಳ್ಳೆಯ ವ್ಯವಹಾರವೇ, ಬೇಡ ಅನ್ನಬೇಡಿ.

ಕಂಪನಿಯ ಸ್ವಂತ ಕ್ವಾರ್ಟರ್ಸ್

ಪಣಂಬೂರು, ಸುರತ್ಕಲ್ ಕಡೆ ಆಗಲಿ, ಮಣಿಪಾಲದಲ್ಲಾಗಲಿ, ಸಂಸ್ಥೆಯದ್ದೇ ಕ್ವಾರ್ಟರ್ಸ್‌ನಲ್ಲಿ ಇರುವವರು ತುಂಬಾ ಜನ. ಇಲ್ಲಿ ಊರಿನ ಜನಸಂಖ್ಯೆ ಮುಖ್ಯ, ಅದೂ 2011ರ ಜನಗಣತಿಯದ್ದು. 40 ಲಕ್ಷಕ್ಕಿಂತ ಜಾಸ್ತಿ ಜನ ಇರುವ ಊರಿಗೆ ಸಂಬಳದ ಶೇಕಡಾ 10. 15ರಿಂದ 40 ಲಕ್ಷದವರೆಗೆ ಏಳೂವರೆ. ಅದಕ್ಕಿಂತ ಚಿಕ್ಕ ಊರಿಗೆ ಶೇಕಡಾ 5. ಮಂಗಳೂರು ನಗರ 5 ಲಕ್ಷದ ಆಸುಪಾಸು, ಉಡುಪಿ ಇನ್ನೂ ಚಿಕ್ಕದು. ಎರಡಕ್ಕೂ ಶೇಕಡಾ 5 ಅಷ್ಟೇ. ಬೆಂಗಳೂರಿನಲ್ಲಿ ಇದೇ ಸಂಬಳದವನಿಗೆ ಇದರ ಎರಡರಷ್ಟು. ಸರ್ಕಾರಿ ನೌಕರರಿಗೆ ಲೆಕ್ಕವೇ ಬೇರೆ, ಇಲ್ಲಿ ಹೇಳುತ್ತಿರುವುದು ಖಾಸಗಿಯವರ ಮಟ್ಟಿಗೆ.

ಈ ದರಗಳು ಬಂದದ್ದು 2023ರ ಸೆಪ್ಟೆಂಬರ್ 1ರಿಂದ. ಅದಕ್ಕೂ ಮೊದಲು ನಮ್ಮ ಊರಿಗೆ ಏಳೂವರೆ ಇತ್ತು, ಕಂಪನಿ ಬಾಡಿಗೆಗೆ ಹಿಡಿದ ಮನೆಗೆ 15 ಇತ್ತು. ಹಳೆಯ ಎಕ್ಸೆಲ್ ಶೀಟನ್ನೇ ಎಳೆದುಕೊಂಡು ಬಂದ ಕಡೆ ಈಗಲೂ ಆ ಹಳೆ ದರ ಅಡಗಿ ಕೂತಿರುತ್ತದೆ.

ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಇನ್ನೊಂದು ಥರದ ತಪ್ಪಾಗಿತ್ತು. ಹೆಡ್ ಆಫೀಸ್ ಬೆಂಗಳೂರಿನಲ್ಲಿತ್ತು. ಸಂಬಳದ ಸಾಫ್ಟ್‌ವೇರಿಗೆ ಎಲ್ಲರ ಊರೂ ಬೆಂಗಳೂರು ಅಂತಲೇ ತುಂಬಿದ್ದರು. ಇಲ್ಲಿನ ಕ್ವಾರ್ಟರ್ಸ್‌ನಲ್ಲಿದ್ದವರಿಗೂ ಶೇಕಡಾ 10 ಬಿತ್ತು. 12 ಲಕ್ಷ ಸಂಬಳದವನಿಗೆ 60,000 ಸೇರಬೇಕಾದಲ್ಲಿ 1,20,000 ಸೇರಿತ್ತು. ಯಾರಿಗೂ ಗೊತ್ತಾಗಲಿಲ್ಲ, ಯಾಕೆಂದರೆ ಪೇಸ್ಲಿಪ್‌ನಲ್ಲಿ ಇದು ಕಾಣುವುದೇ ಇಲ್ಲ, ತೆರಿಗೆ ಕಡಿತ ಮಾತ್ರ ಕಾಣುತ್ತದೆ. ಲೆಕ್ಕಕ್ಕೆ ಬೇಕಾದದ್ದು ಮನೆ ಇರುವ ಊರು, ಹೆಡ್ ಆಫೀಸ್ ಇರುವ ಊರಲ್ಲ. ಪೂರ್ತಿ ಒಂದು ವರ್ಷ ಜನರ ದುಡ್ಡು ಸುಮ್ನೆ ಕಡಿತವಾಯಿತು. ಆಮೇಲೆ ರಿಟರ್ನ್ಸ್‌ನಲ್ಲಿ ಸರಿಪಡಿಸಿ ವಾಪಸ್ ತರಿಸುವಷ್ಟರಲ್ಲಿ ಸಾಕಾಗಿತ್ತು. ನನಗೆ ಅದು ಈಗಲೂ ಬೇಜಾರು, ಮೊದಲೇ ನೋಡಬಹುದಿತ್ತು.

ಹಾಗಂತ ಕ್ವಾರ್ಟರ್ಸ್ ಯಾವಾಗಲೂ ಲಾಭವೇ ಅಂತ ಹೇಳಲಾರೆ. ಕ್ವಾರ್ಟರ್ಸ್ ಕೊಟ್ಟರೆ ಕಂಪನಿ ಎಚ್‌ಆರ್‌ಎ ಪೂರ್ತಿ ನಿಲ್ಲಿಸುತ್ತದೆ. ನಮ್ಮ ಹುಡುಗನಿಗೆ ಕ್ವಾರ್ಟರ್ಸ್ ಸಿಕ್ಕಿದ್ದರೆ 28,000 ಹೋಗಿ ಸಂಬಳ ವರ್ಷಕ್ಕೆ 14,64,000 ಆಗುತ್ತಿತ್ತು. ಶೇಕಡಾ 5 ಅಂದರೆ 73,200 ಸೇರಿಸಿ ಲೆಕ್ಕ ಹಾಕಿದರೆ ತೆರಿಗೆ ಸುಮಾರು 1,03,300, ಕೈಯಲ್ಲಿ 13,60,700. ಕೈಗೆ ಎಲ್ಲ ತೆಗೆದುಕೊಳ್ಳುವುದಕ್ಕಿಂತ 11,500 ಮೇಲು, ಅಷ್ಟೇ. ಜಿಎಸ್‌ಟಿ ತಲೆನೋವು ಇಲ್ಲ ಅನ್ನುವುದು ನಿಜ. ಆದರೆ ಹೊರಗೆ 20,000ಕ್ಕೆ ಒಳ್ಳೆಯ ಮನೆ ಸಿಗುವವನಿಗೆ, ತೊಕ್ಕೊಟ್ಟು ಕಡೆ ಅಥವಾ ಊರ ಹೊರಗೆ ಅಂಥದ್ದು ಸಿಗುತ್ತದೆ, 28,000 ಬಿಟ್ಟುಕೊಟ್ಟು ಕ್ವಾರ್ಟರ್ಸ್‌ಗೆ ಹೋಗುವುದು ನಷ್ಟ. ಹಾಗಾಗಿ ಎಷ್ಟು ತೆರಿಗೆ ಅಂತ ಮಾತ್ರ ನೋಡಬೇಡಿ, ಏನು ಬಿಟ್ಟುಕೊಡುತ್ತಿದ್ದೇನೆ ಅಂತಲೂ ನೋಡಿ.

ವರ್ಗಾವಣೆ ಆಗುವವರಿಗೆ ಒಂದು ಮಾತು. ಹೊಸ ಊರಿನಲ್ಲಿ ಮನೆ ಕೊಟ್ಟ ಮೇಲೂ ಇಲ್ಲಿನ ಮನೆ ಇಟ್ಟುಕೊಂಡರೆ, 90 ದಿನದವರೆಗೆ ಎರಡರಲ್ಲಿ ಕಡಿಮೆ ಬೆಲೆಯದ್ದು ಮಾತ್ರ ಸೇರುತ್ತದೆ. ಆಮೇಲೆ ಎರಡೂ ಸೇರುತ್ತವೆ. ಮಕ್ಕಳ ಪರೀಕ್ಷೆ ಮುಗಿಯಲಿ ಅಂತ ಮನೆ ಬಿಡದವರು ಆ ದಿನಗಳನ್ನು ಎಣಿಸಿಕೊಳ್ಳಿ.

ಕಾರು: ಅದೇ 1,800, ಆದರೆ ಉಲ್ಟಾ

ಕಾರಿನಲ್ಲಿ ಜನ ಎಡವುವುದು ಒಂದೇ ಜಾಗದಲ್ಲಿ. ಕಾರು ಯಾರ ಹೆಸರಲ್ಲಿದೆ ಅನ್ನುವುದರ ಮೇಲೆ ಲೆಕ್ಕ ತಿರುಗಿ ಬೀಳುತ್ತದೆ.

ಕಾರು ಕಂಪನಿಯದ್ದು ಅಥವಾ ಕಂಪನಿ ಲೀಸ್‌ಗೆ ಹಿಡಿದದ್ದು, ಪೆಟ್ರೋಲ್ ಖರ್ಚೂ ಕಂಪನಿಯದ್ದು, ಕೆಲಸಕ್ಕೂ ಮನೆಗೂ ಎರಡಕ್ಕೂ ಓಡಿಸುತ್ತೀರಿ ಅಂತ ಇಟ್ಟುಕೊಳ್ಳಿ. ಆಗ ಎಂಜಿನ್ 1.6 ಲೀಟರ್‌ವರೆಗೆ ಇದ್ದರೆ ತಿಂಗಳಿಗೆ 1,800 ಮಾತ್ರ ಸಂಬಳಕ್ಕೆ ಸೇರುತ್ತದೆ. ಅದಕ್ಕಿಂತ ದೊಡ್ಡ ಎಂಜಿನ್‌ಗೆ 2,400. ಡ್ರೈವರ್ ಕೊಟ್ಟರೆ ಇನ್ನೂ 900. ಕಂಪನಿ 20,000 ಖರ್ಚು ಮಾಡಿದರೂ ಸೇರುವುದು ಅಷ್ಟೇ. ಎಂಜಿನ್ ಎಷ್ಟು ಅಂತ ಆರ್‌ಸಿಯಲ್ಲಿ ಸಿಸಿ ಲೆಕ್ಕದಲ್ಲಿ ಬರೆದಿರುತ್ತದೆ, 1,600 ಸಿಸಿ ದಾಟಿದೆಯಾ ನೋಡಿದರೆ ಸಾಕು. ಮನೆಯ ಓಡಾಟದ ಪೆಟ್ರೋಲ್ ನೀವೇ ಹಾಕಿಸಿದರೆ 1,800ರ ಜಾಗದಲ್ಲಿ 600, 2,400ರ ಜಾಗದಲ್ಲಿ 900.

ಕಾರು ನಿಮ್ಮ ಹೆಸರಲ್ಲಿದ್ದು, ಬಿಲ್ ಕೊಟ್ಟಾಗ ಕಂಪನಿ ದುಡ್ಡು ಕೊಡುತ್ತದೆ ಅಂದರೆ ಲೆಕ್ಕ ತಲೆಕೆಳಗು. 1,800 ಕಳೆಯುತ್ತಾರೆ, ಉಳಿದದ್ದು ಸಂಬಳಕ್ಕೆ ಸೇರುತ್ತದೆ. ಕಂಪನಿ 20,000 ಕೊಟ್ಟರೆ 18,200ಕ್ಕೆ ತೆರಿಗೆ. ಕಂಪನಿ ಕಾರಿನಲ್ಲಿ 1,800ಕ್ಕೆ ತೆರಿಗೆ, ಸ್ವಂತ ಕಾರಿನಲ್ಲಿ 1,800ಕ್ಕೆ ಮಾತ್ರ ತೆರಿಗೆ ಇಲ್ಲ. ಎರಡೂ ಕಡೆ ಅದೇ ಅಂಕಿ ಬರುವುದರಿಂದ ಗೊಂದಲ ಆಗುತ್ತದೆ. ಸ್ವಂತ ಕಾರಿನಲ್ಲಿ ಕೆಲಸದ ಓಡಾಟವೇ ಜಾಸ್ತಿ ಇದ್ದರೆ ಜಾಸ್ತಿ ಕಳೆಯಬಹುದು. ಅದಕ್ಕೆ ಲಾಗ್ ಬುಕ್ ಬೇಕು: ದಿನಾಂಕ, ಹೋದ ಊರು, ಎಷ್ಟು ಕಿಲೋಮೀಟರ್, ಎಷ್ಟು ಖರ್ಚು. ಅದು ಕೆಲಸಕ್ಕೇ ಆದ ಖರ್ಚು ಅಂತ ಕಂಪನಿಯ ಪತ್ರವೂ ಬೇಕು. ಮಾರ್ಚ್‌ನಲ್ಲಿ ಕೂತು ಇಡೀ ವರ್ಷದ್ದನ್ನು ಒಂದೇ ಪೆನ್ನಿನಲ್ಲಿ ಬರೆದರೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಪೆಟ್ರೋಲ್ ಬಿಲ್ಲಿನ ದಿನಾಂಕಕ್ಕೂ ಅದಕ್ಕೂ ತಾಳೆ ಆಗುವುದಿಲ್ಲ.

ನಮ್ಮ ಹುಡುಗನಿಗೆ ಕಂಪನಿ ಹೇಳಿದ್ದು ಲೀಸ್ ಕಾರು. 1.2 ಲೀಟರ್ ಎಂಜಿನ್, ಲೀಸ್ ಬಾಡಿಗೆ, ಇನ್ಶೂರೆನ್ಸ್, ಪೆಟ್ರೋಲ್ ಎಲ್ಲ ಸೇರಿ ತಿಂಗಳಿಗೆ 20,000 ಅವನ ಸಂಬಳದಿಂದ ಕಡಿಮೆ ಆಗುತ್ತದೆ. ಮನೆಯ ವಿಷಯ ಪಕ್ಕಕ್ಕಿಟ್ಟು ಕಾರೊಂದನ್ನೇ ನೋಡಿದೆವು. ಸಂಬಳ 18 ಲಕ್ಷದಿಂದ 15,60,000ಕ್ಕೆ ಬರುತ್ತದೆ. ಕಾರಿನ ಬೆಲೆ ವರ್ಷಕ್ಕೆ 21,600 ಸೇರುತ್ತದೆ. 75,000 ಕಳೆದರೆ 15,06,600, ತೆರಿಗೆ ಸುಮಾರು 1,10,200. ಎಲ್ಲ ಕೈಗೆ ತೆಗೆದುಕೊಂಡಿದ್ದರೆ 1,50,800 ಆಗುತ್ತಿತ್ತು. 40,500ರಷ್ಟು ಉಳಿಯಿತು, ತಿಂಗಳಿಗೆ ಸುಮಾರು 3,400.

ಈ 3,400 ಅನ್ನುವುದನ್ನು ಹಿಡಿದುಕೊಳ್ಳಿ. ಅದೇ ಕಾರನ್ನು ನೀವೇ ಬ್ಯಾಂಕ್ ಸಾಲದಲ್ಲಿ ತೆಗೆದುಕೊಂಡರೆ ತಿಂಗಳಿಗೆ ಎಷ್ಟು ಬೀಳುತ್ತದೆ ಅಂತ ಬರೆಯಿರಿ. ಲೀಸ್ ಅದಕ್ಕಿಂತ 3,400ಕ್ಕೂ ಜಾಸ್ತಿ ದುಬಾರಿ ಆದರೆ ತೆರಿಗೆ ಉಳಿದದ್ದೆಲ್ಲ ಲೀಸ್ ಕಂಪನಿಗೆ ಹೋಯಿತು ಅಂತಲೇ. ಸಾಲ ತೀರಿದ ಮೇಲೆ ಕಾರು ನಿಮ್ಮದೇ ಆಗುತ್ತದೆ, ಲೀಸ್ ಮುಗಿದ ಮೇಲೆ ಕಾರು ಬೇಕಾದರೆ ಮತ್ತೆ ದುಡ್ಡು ಕೊಡಬೇಕು, ಅದನ್ನೂ ಸೇರಿಸಿ. ನಡುವೆ ಕೆಲಸ ಬಿಟ್ಟರೆ ಲೀಸ್ ಮುರಿಯುವ ದಂಡ ಯಾರ ತಲೆಗೆ ಅಂತ ಒಪ್ಪಂದ ಓದಿ. ಎರಡೇ ವರ್ಷಕ್ಕೆ ಕೆಲಸ ಬದಲಿಸುವ ಯೋಚನೆ ಇದ್ದರೆ ನಾನಂತೂ ಲೀಸ್ ಬೇಡ ಅಂತೀನಿ.

ಎಲ್ಲಕ್ಕಿಂತ ಮುಖ್ಯ, ಈ 1,800 ಸಿಗುವುದು ಕಾರು ನಿಜವಾಗಿ ಕೆಲಸಕ್ಕೂ ಓಡಿದರೆ ಮಾತ್ರ. ಇಡೀ ದಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು, ಕಾರು ಮಕ್ಕಳ ಶಾಲೆಗೆ, ಸಂಜೆ ಪಣಂಬೂರು ಬೀಚಿಗೆ, ರಜೆಯಲ್ಲಿ ಧರ್ಮಸ್ಥಳಕ್ಕೆ ಅಂತ ಮಾತ್ರ ಹೋಗುವುದಾದರೆ ಅದು ಪೂರ್ತಿ ಸ್ವಂತ ಬಳಕೆ. ಆಗ ಲೀಸ್ ಬಾಡಿಗೆ, ಪೆಟ್ರೋಲ್, ರಿಪೇರಿ, ಡ್ರೈವರ್ ಸಂಬಳ, ಕಂಪನಿ ಖರ್ಚು ಮಾಡಿದ್ದೆಲ್ಲ ಪೂರ್ತಿಯಾಗಿ ಸೇರುತ್ತದೆ. ಕಾರು ಕಂಪನಿಯ ಸ್ವಂತದ್ದಾದರೆ ಲೀಸ್ ಬಾಡಿಗೆಯ ಜಾಗದಲ್ಲಿ ಕಾರಿನ ಬೆಲೆಯ ಶೇಕಡಾ 10. ಲೀಸ್ ಕಾರಿಗೆ ಉಳಿತಾಯ ಅಲ್ಲಿಗೆ ಸೊನ್ನೆ. ಕಂಪನಿ ಎರಡು ಕಾರು ಕೊಟ್ಟರೂ ಒಂದಕ್ಕೆ ಮಾತ್ರ 1,800ರ ಲೆಕ್ಕ, ಇನ್ನೊಂದನ್ನು ಸ್ವಂತ ಬಳಕೆ ಅಂತಲೇ ಹಿಡಿಯುತ್ತಾರೆ.

ಕಂಪನಿ ತನ್ನ ಹಳೆ ಕಾರನ್ನು ಕಡಿಮೆ ಬೆಲೆಗೆ ನಿಮಗೇ ಕೊಟ್ಟರೆ ಅದಕ್ಕೂ ಬೆಲೆ ಕಟ್ಟುತ್ತಾರೆ. ಪ್ರತಿ ಪೂರ್ತಿ ವರ್ಷಕ್ಕೆ ಉಳಿದ ಬೆಲೆಯ ಶೇಕಡಾ 20 ಇಳಿಸುತ್ತಾ ಹೋಗಬೇಕು. 9 ಲಕ್ಷದ ಕಾರು ಮೂರು ವರ್ಷಕ್ಕೆ 4,60,800. ನೀವು 2 ಲಕ್ಷ ಕೊಟ್ಟು ತೆಗೆದುಕೊಂಡರೆ ಉಳಿದ 2,60,800 ಆ ವರ್ಷದ ಸಂಬಳಕ್ಕೆ ಸೇರುತ್ತದೆ.

ಅವನು ಏನು ಬರೆದ

ಮೂರು ದಿನದಲ್ಲಿ ಎಚ್‌ಆರ್ ಉತ್ತರ ಬಂತು: ಬಾಡಿಗೆಯ ಜಿಎಸ್‌ಟಿ ಸಿಟಿಸಿಯಲ್ಲೇ ಬರುತ್ತದೆ. ಹಾಗಾಗಿ ಮನೆ ಬೇಡ ಅಂದ, ಬಿಜೈ ಫ್ಲ್ಯಾಟನ್ನು ತನ್ನ ಹೆಸರಲ್ಲೇ ಹಿಡಿದ. ಕಾರು ತೆಗೆದುಕೊಂಡ, ಯಾಕೆಂದರೆ ಅವನ ಡೀಲರ್‌ಗಳು ಕುಂದಾಪುರ, ಕಾರ್ಕಳ, ಪುತ್ತೂರಿನಲ್ಲಿದ್ದಾರೆ, ವಾರದಲ್ಲಿ ನಾಲ್ಕು ದಿನ ಕಾರು ರಸ್ತೆಯಲ್ಲೇ ಇರುತ್ತದೆ. ಆಫೀಸಿನಲ್ಲೇ ಕೂರುವ ಅವನ ಗೆಳೆಯನಿಗೆ ಕಾರು ಬೇಡ ಅಂತಲೇ ಹೇಳಿದೆ.

ಜೂನ್‌ನಲ್ಲಿ ಫಾರ್ಮ್ 16 ಬರುವಾಗ ಜೊತೆಗೆ ಫಾರ್ಮ್ 12ಬಿಎ ಕೇಳಿ ತೆಗೆದುಕೋ ಅಂತಲೂ ಹೇಳಿದ್ದೇನೆ. ಮನೆ, ಕಾರು ಒಂದೊಂದಕ್ಕೂ ಎಷ್ಟು ಬೆಲೆ ಕಟ್ಟಿದ್ದಾರೆ, ನೀವು ವಾಪಸ್ ಕೊಟ್ಟದ್ದು ಎಷ್ಟು, ಸಂಬಳಕ್ಕೆ ಸೇರಿದ್ದು ಎಷ್ಟು ಅಂತ ಸಾಲು ಸಾಲಾಗಿ ಅದರಲ್ಲಿ ಇರುತ್ತದೆ. ಆ ಮೊತ್ತ ಫಾರ್ಮ್ 16ರಲ್ಲಿ 17(2) ಅಂತ ಇರುವ ಸಾಲಿಗೆ ತಾಳೆ ಆಗಬೇಕು. ಅವನದ್ದರಲ್ಲಿ ಕಾರಿನ ಸಾಲಿನಲ್ಲಿ 21,600 ಇರಬೇಕು, ಮನೆಯ ಸಾಲು ಖಾಲಿ ಇರಬೇಕು. ಬೇರೆ ಏನಾದರೂ ಕಂಡರೆ ರಿಟರ್ನ್ಸ್ ಹಾಕುವ ಮೊದಲೇ ಕಂಪನಿಯ ಅಕೌಂಟ್ಸ್‌ಗೆ ಬರೆದು, ಫಾರ್ಮನ್ನು ತಿದ್ದಿಸಿಕೊಳ್ಳಬೇಕು.